ಶೋರೂಮಿನಲ್ಲಿ ಹತ್ತು ಗಾಡಿ ಕಡಿಮೆಯಾದರೆ ನರಸಾಪುರದಲ್ಲಿ ಶಿಫ್ಟ್ ಯಾಕೆ ನಿಲ್ಲುತ್ತದೆ? ಆರ್ಥಿಕ ಏರಿಳಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆಯ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಅಲ್ಲಿನ ಮಾಲೀಕರು, ಸೂಪರ್‌ವೈಸರ್‌ಗಳು, ಗುತ್ತಿಗೆ ಮೇಲೆ ದುಡಿಯುವ ಹುಡುಗರು ತಿರುಗಿ ಮುರುಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಆರ್ಥಿಕತೆ ಏರುವುದಕ್ಕೂ ಇಳಿಯುವುದಕ್ಕೂ ಕಾರಣಗಳು ಹಲವು. ಎಲ್ಲವನ್ನೂ ಮುಟ್ಟಲು ಹೋಗಿಲ್ಲ. ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡ ದ್ವಿಚಕ್ರ ವಾಹನಗಳ 2018-19ರ ಇಳಿತವನ್ನೇ ಹಿಡಿದುಕೊಂಡು ಹೇಳುತ್ತೇನೆ.

ಬಿಸಿನೆಸ್ ಸೈಕಲ್ ಅಂದ್ರೆ ಏನು ಸಾರ್?

ದೇಶದ ಒಟ್ಟು ಉತ್ಪಾದನೆ, ಉದ್ಯೋಗ, ಮಾರಾಟ, ಸಾಲ ಇವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕೆಲವು ವರ್ಷ ಏರಿ, ಆಮೇಲೆ ಒಟ್ಟಿಗೇ ಮಂದವಾಗುವುದು. ಪುಸ್ತಕಗಳಲ್ಲಿ ಇದನ್ನು ಏರಿಕೆ, ತುದಿ, ಇಳಿಕೆ, ತಳ ಎಂದು ನಾಲ್ಕು ಹಂತ ಮಾಡಿರುತ್ತಾರೆ. ಆ ಚಿತ್ರ ನೋಡಿ ಆರ್ಥಿಕತೆ ಪ್ರತಿ ಸಲವೂ ಕುಗ್ಗಿಹೋಗುತ್ತದೆ ಅಂದುಕೊಳ್ಳಬೇಡಿ. ಭಾರತದಲ್ಲಿ ಸಾಮಾನ್ಯವಾಗಿ ಆಗುವುದು ಬೆಳವಣಿಗೆಯ ವೇಗ ಇಳಿಯುವುದು. 2016-17ರಲ್ಲಿ ಶೇ 8 ದಾಟಿದ್ದ ಜಿಡಿಪಿ ಬೆಳವಣಿಗೆ 2019-20ಕ್ಕೆ ಶೇ 4ರ ಆಸುಪಾಸಿಗೆ ಬಂತು. ಲೆಕ್ಕದಲ್ಲಿ ಅದು ಇನ್ನೂ ಬೆಳವಣಿಗೆಯೇ. ಆದರೆ ಆ ಸರಾಸರಿಯೊಳಗೆ ಕೆಲವು ಉದ್ಯಮಗಳು ನಿಜವಾಗಿಯೂ ಕುಗ್ಗಿದ್ದವು. ನರಸಾಪುರದವರಿಗೆ ಗೊತ್ತಾಗಿದ್ದು ಆ ಭಾಗ.

ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ರೇಟು ಏರೋದು, ಬಿದ್ದುಹೋಗೋದು ಕೂಡ ಇದೇನಾ?

ಅಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ದೇಶದಲ್ಲಿ ಬೂಮ್ ಇದ್ದದ್ದಕ್ಕೆ ಹಾಗಾಗಲಿಲ್ಲ, ಮಾಲು ಇರಲಿಲ್ಲ ಅಷ್ಟೇ. ರೇಟು ನೋಡಿ ಎಲ್ಲರೂ ಸಸಿ ನೆಡುತ್ತಾರೆ, ಎರಡು ಎರಡೂವರೆ ತಿಂಗಳಿಗೆ ಎಲ್ಲರ ಮಾಲೂ ಒಂದೇ ಸಲ ಬಂದು ರೇಟು ಬೀಳುತ್ತದೆ. ಅದು ಒಂದು ಬೆಳೆಯ ಏರಿಳಿತ. ವ್ಯಾಪಾರ ಚಕ್ರದಲ್ಲಿ ಸಂಬಂಧವೇ ಇಲ್ಲದ ಉದ್ಯಮಗಳು ಒಟ್ಟಿಗೆ ಇಳಿಯುತ್ತವೆ. ಒಂದು ಹೋಲಿಕೆ ಮಾತ್ರ ಇದೆ: ನಿರ್ಧಾರ ಮಾಡುವ ದಿನಕ್ಕೂ ಮಾಲು ಕೈಗೆ ಬರುವ ದಿನಕ್ಕೂ ನಡುವೆ ಇರುವ ಅಂತರ. ಗಾಡಿಗಳಲ್ಲೂ ತೊಂದರೆ ಅಲ್ಲೇ ಶುರುವಾಗುವುದು.

2018ರಲ್ಲಿ ನಿಜಕ್ಕೂ ಏನಾಯ್ತು? ಜನ ಗಾಡಿ ಕೊಳ್ಳೋದು ಯಾಕೆ ಬಿಟ್ಟರು?

ಬಿಡಲಿಲ್ಲ, ಕಡಿಮೆ ಮಾಡಿದರು. ಮೂರ್ನಾಲ್ಕು ಕಾರಣಗಳು ಒಂದರ ಹಿಂದೆ ಒಂದು ಬಂದವು.

ಮೊದಲನೆಯದು ಇನ್ಶೂರೆನ್ಸ್. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕಾಯಿತು. ವರ್ಷ ವರ್ಷ ಕಟ್ಟಬಹುದಾಗಿದ್ದ ದುಡ್ಡು ಗಾಡಿ ಬಿಡಿಸುವ ದಿನವೇ ಕೈಬಿಟ್ಟು ಹೋಯಿತು. ಮುಂಗಡಕ್ಕೆ ಅಂತ ಚೀಟಿ ಎತ್ತಿ ಬಂದವನಿಗೆ ಇದು ಸಣ್ಣ ವಿಷಯವಲ್ಲ.

ಅದೇ ತಿಂಗಳು ಐಎಲ್ ಅಂಡ್ ಎಫ್ಎಸ್ ಎಂಬ ದೊಡ್ಡ ಮೂಲಸೌಕರ್ಯ ಹಣಕಾಸು ಸಮೂಹ ಸಾಲ ಮರುಪಾವತಿ ಮಾಡಲಾಗದೆ ಕೈಚೆಲ್ಲಿತು. ಅದರ ಸಾಲ ಸುಮಾರು 91,000 ಕೋಟಿ ರೂಪಾಯಿ. ಅಕ್ಟೋಬರ್ 1ರಂದು ಸರ್ಕಾರ ಅದರ ಆಡಳಿತ ಮಂಡಳಿಯನ್ನೇ ಬದಲಿಸಿತು. ಮುಂಬೈ ಕಂಪನಿಗೂ ಮುಳಬಾಗಿಲಿನ ಹುಡುಗನ ಸ್ಕೂಟರಿಗೂ ಏನು ನಂಟು ಅಂತ ಕೇಳಬಹುದು. ನಮ್ಮಲ್ಲಿ ಗಾಡಿ ಸಾಲ ಕೊಡುವವು ಹೆಚ್ಚಾಗಿ ಬ್ಯಾಂಕೇತರ ಫೈನಾನ್ಸ್ ಕಂಪನಿಗಳು. ಅವುಗಳಿಗೆ ಬ್ಯಾಂಕಿನ ಹಾಗೆ ಜನರ ಉಳಿತಾಯ ಖಾತೆಗಳಿಲ್ಲ. ಹಲವು ಕಂಪನಿಗಳು ಮ್ಯೂಚುವಲ್ ಫಂಡ್‌ಗಳಿಂದ ಕೆಲವೇ ತಿಂಗಳ ಅವಧಿಗೆ ದುಡ್ಡು ತಂದು, ಅದನ್ನು ಎರಡು ಮೂರು ವರ್ಷದ ಕಂತಿನ ಸಾಲವಾಗಿ ಕೊಡುತ್ತಿದ್ದವು. ಹಳೆಯದನ್ನು ತೀರಿಸಲು ಹೊಸದು ಸಿಗುತ್ತಲೇ ಇರಬೇಕು. ಐಎಲ್ ಅಂಡ್ ಎಫ್ಎಸ್ ಬಿದ್ದ ಮೇಲೆ ಹೊಸದು ಕೊಡುವವರು ಹೆದರಿದರು. ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದವು.

ಅತ್ತ ಗ್ರಾಮೀಣ ಆದಾಯವೂ ಆಗ ಸಪ್ಪಗಿತ್ತು. ಇಷ್ಟೆಲ್ಲ ಆಗುತ್ತಿದ್ದಾಗಲೇ ದಸರಾ, ದೀಪಾವಳಿಗೆ ಅಂತ ಡೀಲರ್‌ಗಳು ಗೋದಾಮು ತುಂಬಿಸಿಕೊಂಡಿದ್ದರು. ಹಬ್ಬ ಹೋಯಿತು, ಗಾಡಿ ಉಳಿಯಿತು. ದೇಶದಲ್ಲಿ 2018-19ರಲ್ಲಿ ಸುಮಾರು 2.12 ಕೋಟಿ ದ್ವಿಚಕ್ರ ವಾಹನಗಳು ಕಾರ್ಖಾನೆಯಿಂದ ಡೀಲರ್‌ಗಳಿಗೆ ಹೋಗಿದ್ದವು, ಮರುವರ್ಷ ಹೋದದ್ದು 1.74 ಕೋಟಿ. ಶೇ 18ರ ಇಳಿತ, ಅದೂ ಬಹುಪಾಲು ಕೋವಿಡ್ ಲಾಕ್‌ಡೌನ್‌ಗೆ ಮೊದಲೇ.

ಗಿರಾಕಿ ಸ್ವಲ್ಪ ಕಡಿಮೆಯಾದ್ರೆ ಶೆಡ್ಯೂಲು ಅರ್ಧಕ್ಕೆ ಯಾಕೆ ಬೀಳುತ್ತೆ? ಯಾರೋ ನಡುವೆ ಆಟ ಆಡ್ತಿದ್ದಾರೆ ಅನ್ನಿಸುತ್ತೆ.

ಶೆಡ್ಯೂಲ್ ಎಂದರೆ ಗಾಡಿ ಕಂಪನಿ ಬಿಡಿಭಾಗ ಮಾಡಿಕೊಡುವ ವೆಂಡರ್‌ಗೆ ಕಳಿಸುವ ತಿಂಗಳ ಆರ್ಡರ್. ಆಟ ಯಾರೂ ಆಡುತ್ತಿಲ್ಲ, ಇದು ಸ್ಟಾಕಿನ ಲೆಕ್ಕ. ಪೆನ್ನು ಹಿಡಿದುಕೊಂಡು ಕೂತರೆ ಹತ್ತು ನಿಮಿಷದ ಕೆಲಸ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ, ಹಾಗಾಗಿ ನಿಧಾನವಾಗಿ ನೋಡೋಣ. ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿಕೊಂಡವು.

ಕೋಲಾರದ ಒಂದು ಶೋರೂಮ್ ತಿಂಗಳಿಗೆ 100 ಸ್ಕೂಟರ್ ಮಾರುತ್ತದೆ. ಬಣ್ಣ, ಮಾಡೆಲ್ ಎಲ್ಲ ಇರಬೇಕಲ್ಲ, ಅದಕ್ಕೆ 45 ದಿನದ ಮಾರಾಟದಷ್ಟು, ಅಂದರೆ 150 ಗಾಡಿ ಸ್ಟಾಕ್ ಇಡುವುದು ಅದರ ಪದ್ಧತಿ. ತಿಂಗಳಿಗೆ 100 ಬರುತ್ತದೆ, 100 ಹೋಗುತ್ತದೆ.

ಒಂದು ತಿಂಗಳು ಮಾರಾಟ 90ಕ್ಕೆ ಇಳಿಯಿತು. ಆ ತಿಂಗಳ ಆರ್ಡರ್ ಮೊದಲೇ ಹೋಗಿದೆ, 100 ಗಾಡಿ ಬಂದೇ ಬಂತು. ಸ್ಟಾಕ್ ಈಗ 160. ಇನ್ನು ಮುಂದೆ 90ರಂತೆಯೇ ಹೋಗುತ್ತದೆ ಎಂದು ಡೀಲರ್ ಅಂದಾಜು ಮಾಡಿದರೆ, 45 ದಿನಕ್ಕೆ ಅವನಿಗೆ ಬೇಕಾದದ್ದು 135. ಕೈಯಲ್ಲಿ 25 ಹೆಚ್ಚಿದೆ. ಹಾಗಾಗಿ ಮುಂದಿನ ತಿಂಗಳು ಮಾರಲು ಬೇಕಾದ 90ರಲ್ಲಿ ಈ 25 ಕಳೆದು 65 ಗಾಡಿಗೆ ಮಾತ್ರ ಆರ್ಡರ್ ಹಾಕುತ್ತಾನೆ. ಗಿರಾಕಿ ಇಳಿದದ್ದು ಶೇ 10, ಆರ್ಡರ್ ಇಳಿದದ್ದು ಶೇ 35.

ಈಗ ಕಾರ್ಖಾನೆಗೆ ಬನ್ನಿ. ಅಲ್ಲಿ 15 ದಿನದ ಬಿಡಿಭಾಗ ಇಟ್ಟುಕೊಂಡಿದ್ದಾರೆ ಎನ್ನೋಣ. 100 ಗಾಡಿಗೆ 50 ಸೆಟ್ ಇತ್ತು. 65 ಗಾಡಿಗೆ 33 ಸೆಟ್ ಸಾಕು, 17 ಹೆಚ್ಚಾಯಿತು. ವೆಂಡರ್‌ಗೆ ಹೋಗುವ ಶೆಡ್ಯೂಲ್ 65ರಲ್ಲಿ 17 ಕಳೆದು 48. ನೂರು ಸೆಟ್ ಬ್ರಾಕೆಟ್ ಕಳಿಸುತ್ತಿದ್ದವನಿಗೆ 48 ಬಂತು, ಅರ್ಧಕ್ಕಿಂತ ಕಡಿಮೆ. ಇಷ್ಟರಲ್ಲಿ ಯಾರೂ ಗಾಬರಿಯಾಗಿಲ್ಲ, ಯಾರೂ ತಪ್ಪು ಮಾಡಿಲ್ಲ. ಪ್ರತಿಯೊಬ್ಬರೂ ತಮ್ಮ ಸ್ಟಾಕನ್ನು ಹೊಸ ಮಾರಾಟಕ್ಕೆ ಹೊಂದಿಸಿಕೊಂಡಿದ್ದಾರೆ. ಸರಕು ಸಾಗಣೆಯ ಶಾಸ್ತ್ರದಲ್ಲಿ ಇದನ್ನು ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಸ್ಟಾಕಿನಿಂದಲೇ ಇಡೀ ಆರ್ಥಿಕತೆ ತೂಗಾಡಬಹುದು ಎಂದು ಲಾಯ್ಡ್ ಮೆಟ್ಜ್ಲರ್ ಎಂಬ ಅರ್ಥಶಾಸ್ತ್ರಜ್ಞ 1941ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಇಂದು ಹೆಚ್ಚಿನ ದೊಡ್ಡ ಕಾರ್ಖಾನೆಗಳು ತಾವು 15 ದಿನದ ಮಾಲು ಇಟ್ಟುಕೊಳ್ಳುವುದಿಲ್ಲ, ಆಯಾ ದಿನದ್ದನ್ನು ಆಯಾ ದಿನ ತರಿಸುತ್ತವೆ ಎನ್ನುವುದು ನಿಜ. ಅದರಿಂದ ಸ್ಟಾಕ್ ಮಾಯವಾಗಿಲ್ಲ, ವೆಂಡರ್‌ನ ಶೆಡ್ಡಿಗೆ ಬಂದು ಕೂತಿದೆ. ಅದರ ಬಡ್ಡಿ ಕಟ್ಟುವವನೂ ಅವನೇ.

ಡೀಲರ್‌ಗೇ ದುಡ್ಡಿನ ಬಿಗಿ ಇದ್ರೆ?

ಆಗ ಇನ್ನೂ ಕೆಟ್ಟದು. ಡೀಲರ್ ಸ್ಟಾಕ್ ಇಡುವುದು ಸಾಲದಲ್ಲಿ. ಬ್ಯಾಂಕು ಮಿತಿ ಇಳಿಸಿತು ಅಥವಾ ಬಡ್ಡಿ ಭಾರವಾಯಿತು ಎಂದರೆ ಅವನು 45 ದಿನದ ಪದ್ಧತಿಯನ್ನೇ ಬಿಟ್ಟು 30 ದಿನಕ್ಕೆ ಇಳಿಸಿಕೊಳ್ಳುತ್ತಾನೆ. ಮೇಲಿನ ಲೆಕ್ಕವನ್ನೇ ಮಾಡಿ ನೋಡಿ: ಬೇಕಾದ ಸ್ಟಾಕ್ 90, ಇರುವುದು 160, ಹೆಚ್ಚುವರಿ 70. ಮಾರಾಟದ 90ರಲ್ಲಿ ಅದನ್ನು ಕಳೆದರೆ ಆರ್ಡರ್ ಬರೀ 20. ಗಿರಾಕಿ ಅದೇ ಶೇ 10 ಮಾತ್ರ ಕಡಿಮೆ, ಆರ್ಡರ್ ಐದನೇ ಒಂದು ಭಾಗಕ್ಕೆ ಇಳಿಯಿತು. 2019ರಲ್ಲಿ ಡೀಲರ್‌ಗಳ ಒಕ್ಕೂಟ ಫಾಡಾ ತನ್ನ ಸದಸ್ಯರಿಗೆ ಸ್ಟಾಕನ್ನು 21 ದಿನಕ್ಕೆ ಇಳಿಸಿಕೊಳ್ಳಿ ಎಂದೇ ಹೇಳುತ್ತಿತ್ತು. ಒಬ್ಬೊಬ್ಬ ಡೀಲರ್‌ಗೂ ಅದು ಸರಿಯಾದ ಸಲಹೆ. ಎಲ್ಲರೂ ಒಟ್ಟಿಗೆ ಪಾಲಿಸಿದರೆ ಅದರ ಪೆಟ್ಟು ಬೀಳುವುದು ಕಾರ್ಖಾನೆಯ ಮೇಲೆ.

ನಮ್ಮ ಭಾವ ತುಮಕೂರಲ್ಲಿ ಮೆಷಿನ್ ಮಾಡೋ ಯೂನಿಟ್‌ನಲ್ಲಿದ್ದಾರೆ. ಅವರಿಗೆ ಆರ್ಡರೇ ಇಲ್ಲ ಅಂತಾರೆ. ಅವರಿಗೂ ಗಾಡಿಗೂ ಏನು ಸಂಬಂಧ?

ಸರಪಳಿಯ ತುದಿಯಲ್ಲಿರುವವರು ಅವರು, ಅತಿ ಹೆಚ್ಚು ತೂಗಾಡುವವರೂ ಅವರೇ. ತುಮಕೂರಿನ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕೇ ಇದೆ, ಗೊತ್ತಿರಬಹುದು. ನರಸಾಪುರದ ವೆಂಡರ್ ಹತ್ತಿರ ಲೋಹದ ಹಾಳೆ ಒತ್ತುವ 10 ಪ್ರೆಸ್ ಇವೆ, ಒಂದೊಂದು 10 ವರ್ಷ ಬಾಳುತ್ತದೆ ಎನ್ನೋಣ. ಎಲ್ಲ ಸರಿ ಇದ್ದಾಗ ಅವನು ವರ್ಷಕ್ಕೊಂದು ಹಳೆಯದನ್ನು ತೆಗೆದು ಹೊಸದು ಹಾಕುತ್ತಾನೆ. ಕೆಲಸ ಶೇ 10 ಇಳಿದರೆ ಅವನಿಗೆ 9 ಪ್ರೆಸ್ ಸಾಕು, ಹಳೆಯದನ್ನು ತೆಗೆದು ಸುಮ್ಮನಿರುತ್ತಾನೆ. ಆ ವರ್ಷ ಪ್ರೆಸ್ ಮಾಡುವವನಿಗೆ ಆರ್ಡರ್ ಸೊನ್ನೆ. ಕೆಲಸ ಶೇ 10 ಏರಿದರೆ 11 ಬೇಕು, ಹಳೆಯದರ ಬದಲಿಗೆ ಒಂದು, ಹೆಚ್ಚಿಗೆ ಒಂದು, ಒಟ್ಟು ಎರಡು. ಆರ್ಡರ್ ದುಪ್ಪಟ್ಟು.

ಇಲ್ಲಿ ಒಂದು ವಿಚಿತ್ರವಿದೆ. ಮರುವರ್ಷ ಕೆಲಸ ಏರದೆ ಅಷ್ಟಕ್ಕೇ ನಿಂತರೂ ಪ್ರೆಸ್ ಆರ್ಡರ್ ಎರಡರಿಂದ ಒಂದಕ್ಕೆ ಇಳಿಯುತ್ತದೆ. ಯಾರ ಮಾರಾಟವೂ ಬಿದ್ದಿಲ್ಲ, ಏರುವುದು ನಿಂತಿದೆ ಅಷ್ಟೇ. ಅಷ್ಟಕ್ಕೇ ಮೆಷಿನ್ ಮಾಡುವವನಿಗೆ ಅರ್ಧ ಕೆಲಸ ಹೋಯಿತು. ಇದನ್ನು ವೇಗವರ್ಧಕ ತತ್ವ ಎನ್ನುತ್ತಾರೆ. ಪಾಲ್ ಸ್ಯಾಮ್ಯುಯೆಲ್ಸನ್ 1939ರಲ್ಲಿ ಇದನ್ನೂ ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗುತ್ತಾ ಹೋಗುವ ಸರಣಿಯನ್ನೂ ಒಂದೇ ಸಮೀಕರಣದಲ್ಲಿ ಕೂಡಿಸಿ, ಹೊರಗಿನಿಂದ ಒಮ್ಮೆ ತಳ್ಳಿದರೂ ಆರ್ಥಿಕತೆ ತಾನಾಗಿ ಏರಿಳಿಯುತ್ತಾ ಹೋಗಬಹುದು ಎಂದು ತೋರಿಸಿದರು. ನಿಮ್ಮ ಭಾವನಿಗೆ ಸಮೀಕರಣ ಬೇಕಿಲ್ಲ, ಆರ್ಡರ್ ಬುಕ್ಕೇ ಸಾಕು.

ಯೂನಿಟ್ ಒಳಗೆ ಮೊದಲು ಏನು ಕಾಣಿಸುತ್ತೆ?

ಓಟಿ ನಿಲ್ಲುತ್ತದೆ. ಆಮೇಲೆ ಭಾನುವಾರದ ಕೆಲಸ, ಆಮೇಲೆ ಮೂರನೇ ಶಿಫ್ಟ್. ಗುತ್ತಿಗೆಯವರ ಲಿಸ್ಟಿನಲ್ಲಿ ‘ನಾಳೆಯಿಂದ ಫೋನ್ ಮಾಡಿದಾಗ ಬನ್ನಿ’ ಎನ್ನುವವರ ಸಂಖ್ಯೆ ಬೆಳೆಯುತ್ತದೆ. ಕಾಯಂ ನೌಕರರ ಮೇಲೆ ಬರುವಷ್ಟರಲ್ಲಿ ಇಳಿತ ಶುರುವಾಗಿ ತಿಂಗಳುಗಳೇ ಆಗಿರುತ್ತವೆ. ಅದಕ್ಕೇ ಉದ್ಯೋಗದ ಅಂಕಿ ನೋಡಿ ಆರ್ಥಿಕತೆ ಹೇಗಿದೆ ಎಂದು ಹೇಳಲು ಹೊರಟವರು ಯಾವಾಗಲೂ ತಡವಾಗಿ ಹೇಳುತ್ತಾರೆ.

ನಾನು ನೋಡುವ ಲೆಕ್ಕದಲ್ಲಿ ಇದಕ್ಕೂ ಮುಂಚೆ ಕಾಣಿಸುವುದು ಬಿಲ್. 45 ದಿನಕ್ಕೆ ಬರುತ್ತಿದ್ದ ದುಡ್ಡು 60, 75 ದಿನವಾಗುತ್ತದೆ. ದಿನದ ವ್ಯವಹಾರಕ್ಕೆ ಬ್ಯಾಂಕು ಕೊಡುವ ಸಾಲದ ಮಿತಿ, ಅಂದರೆ ಸಿಸಿ ಲಿಮಿಟ್, ತಿಂಗಳ ಕೊನೆಯ ಬದಲು ಮೊದಲ ವಾರವೇ ಮುಟ್ಟುತ್ತದೆ. ಸ್ಟೀಲಿನವನಿಗೆ ಕೊಡುವುದನ್ನು ಎಳೆಯುತ್ತಾರೆ. ಹೊರಗೆ ಪಿಜಿಯಲ್ಲಿ ಒಂದು ರೂಮಿಗೆ ನಾಲ್ವರ ಬದಲು ಇಬ್ಬರಾಗುತ್ತಾರೆ, ಗೇಟಿನೆದುರು ಚಿತ್ರಾನ್ನ ಮಾರುವವರು ಒಂದು ಪಾತ್ರೆ ಕಡಿಮೆ ತರುತ್ತಾರೆ. ಅವರೂ ಯಾರದೋ ಗಿರಾಕಿಗಳೇ. ಓಟಿ ದುಡ್ಡು ಹೋದ ಹುಡುಗ ಸ್ಕೂಟರ್ ಕೊಳ್ಳುವುದನ್ನು ಮುಂದೂಡುತ್ತಾನೆ, ಶೋರೂಮಿನ 90 ಆಗ 85 ಆಗುತ್ತದೆ.

ಹೀಗೇ ಇಳಿಯುತ್ತಾ ಹೋದ್ರೆ ಸೊನ್ನೆಗೆ ಹೋಗಬೇಕಲ್ಲ? ನಿಲ್ಲೋದು ಹೇಗೆ?

ಸ್ಟಾಕ್ ಖಾಲಿಯಾಗುವುದರಿಂದ. ಮೊದಲ ಲೆಕ್ಕಕ್ಕೆ ವಾಪಸ್ ಹೋಗಿ. 65 ಆರ್ಡರ್ ಹಾಕಿ 90 ಮಾರಿದ ಮೇಲೆ ಡೀಲರ್‌ನ ಸ್ಟಾಕ್ 160ರಿಂದ 135ಕ್ಕೆ ಬಂತು, ಅವನಿಗೆ ಬೇಕಾದಷ್ಟೇ. ಮುಂದಿನ ತಿಂಗಳು ಮಾರಾಟ ಅದೇ 90, ಆರ್ಡರ್ ಕೂಡ 90. ಗಿರಾಕಿ ಒಬ್ಬನೂ ಹೆಚ್ಚಾಗಿಲ್ಲ, ಕಾರ್ಖಾನೆಗೆ ಹೋದ ಆರ್ಡರ್ ಶೇ 38 ಏರಿತು. ಓಟಿ ವಾಪಸ್ ಬಂತು, ಆ ದುಡ್ಡು ಪೇಟೆಗೆ ಬಂತು.

ಗಾಡಿ ಬೇಡ ಎನಿಸಿದ್ದಲ್ಲ, ಮುಂದೂಡಿದ್ದು ಎನ್ನುವುದೂ ಇದರ ಜೊತೆ ಸೇರುತ್ತದೆ. ಹತ್ತು ವರ್ಷದ ಹಳೇ ಬೈಕಿಗೆ ರಿಪೇರಿ ಖರ್ಚು ಏರುತ್ತಲೇ ಇರುತ್ತದೆ, ಒಂದು ದಿನ ಬದಲಿಸಲೇಬೇಕು. ಆದರೆ ತಳ ಎಲ್ಲಿದೆ ಎಂದು ಮೊದಲೇ ಹೇಳುವುದು ಕಷ್ಟ. ಭಾರತದ ದ್ವಿಚಕ್ರ ವಾಹನಗಳ ವಿಷಯದಲ್ಲಿ ಕೋವಿಡ್, ಅದಾದ ಮೇಲೆ ಏರಿದ ಬೆಲೆ ಸೇರಿ ಇಳಿತ 2021-22ರವರೆಗೂ ಮುಂದುವರಿಯಿತು. ಆ ವರ್ಷ 1.35 ಕೋಟಿಗೆ ಬಂದು, 2024-25ಕ್ಕೆ ಮತ್ತೆ 1.96 ಕೋಟಿಗೆ ಏರಿತು. ಆರು ವರ್ಷ ಕಳೆದರೂ ಹಳೇ ತುದಿ ಮುಟ್ಟಿರಲಿಲ್ಲ.

ರಿಸರ್ವ್ ಬ್ಯಾಂಕ್ 2019ರಲ್ಲಿ ಬಡ್ಡಿ ಇಳಿಸ್ತಾನೇ ಇತ್ತಲ್ಲ. ಆದ್ರೂ ಯಾಕೆ ಗಾಡಿ ಓಡಲಿಲ್ಲ?

ಆ ವರ್ಷ ಫೆಬ್ರುವರಿಯಿಂದ ಅಕ್ಟೋಬರ್ ನಡುವೆ ಐದು ಸಲ ಇಳಿಸಿತು. ರೆಪೊ ದರ ಶೇ 6.50ರಿಂದ 5.15ಕ್ಕೆ ಬಂತು. ಸೆಪ್ಟೆಂಬರ್ 20ರಂದು ಸರ್ಕಾರ ಕಂಪನಿ ತೆರಿಗೆಯನ್ನೂ ಶೇ 30ರಿಂದ 22ಕ್ಕೆ ಇಳಿಸಿತು.

ರೆಪೊ ಎಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲದ ದರ. ಅದು ಇಳಿದಷ್ಟು ಬೇಗ ಬ್ಯಾಂಕುಗಳು ನಮ್ಮ ಬಡ್ಡಿ ಇಳಿಸಲಿಲ್ಲ, ಯಾಕೆಂದರೆ ಅವುಗಳ ಹಳೆಯ ಠೇವಣಿಗಳಿಗೆ ಹಳೆಯ ಬಡ್ಡಿಯನ್ನೇ ಕೊಡಬೇಕು. ಇದಕ್ಕೆ ರೋಸಿಯೇ ರಿಸರ್ವ್ ಬ್ಯಾಂಕ್ 2019ರ ಅಕ್ಟೋಬರ್ 1ರಿಂದ ಮನೆ ಸಾಲ, ಸಣ್ಣ ಉದ್ಯಮದ ಸಾಲದಂಥವುಗಳ ಹೊಸ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಹಾಕಿ ಎಂದು ಬ್ಯಾಂಕುಗಳಿಗೆ ಆದೇಶಿಸಿದ್ದು. ಫೈನಾನ್ಸ್ ಕಂಪನಿಗಳಿಗೆ ಆ ನಿಯಮ ಬರಲಿಲ್ಲ. ಅಲ್ಲದೆ ಆಗಿನ ಕಷ್ಟ ಬಡ್ಡಿ ಹೆಚ್ಚೆಂದಲ್ಲ, ಸಾಲವೇ ಸಿಗುತ್ತಿರಲಿಲ್ಲ ಎನ್ನುವುದು.

ತೆರಿಗೆ ಇಳಿಸಿದ್ದರ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಆ ಹೊತ್ತಿಗೆ ಅದು ತಪ್ಪು ಮದ್ದು. 2019ರ ಜುಲೈ-ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಮೀಕ್ಷೆಯ ಪ್ರಕಾರ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಶೇ 69ರಷ್ಟನ್ನು ಮಾತ್ರ ಬಳಸುತ್ತಿದ್ದವು. ಇರುವ ಪ್ರೆಸ್ಸೇ ಖಾಲಿ ನಿಂತಿರುವಾಗ ಲಾಭದ ಮೇಲಿನ ತೆರಿಗೆ ಕಡಿಮೆ ಎಂದು ಯಾರೂ ಹೊಸ ಪ್ರೆಸ್ ತರುವುದಿಲ್ಲ.

ಕೆಜಿಎಫ್ ಮುಚ್ಚಿದ್ದು, ತುಮಕೂರು ಎಚ್‌ಎಂಟಿ ವಾಚ್ ಫ್ಯಾಕ್ಟರಿ ಮುಚ್ಚಿದ್ದು ಇದರಿಂದಲೇನಾ?

ಅಲ್ಲ. 2001ರ ಫೆಬ್ರುವರಿ 28ರಂದು ಗಣಿ ನಿಂತಾಗ ಅದರ ಆಳದ ಅದಿರನ್ನು ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚಾಗಿತ್ತು. ಕೀಲಿ ಕೊಡುವ ಗಡಿಯಾರದ ಜಾಗಕ್ಕೆ ಕ್ವಾರ್ಟ್ಜ್ ಬಂತು. ಚಕ್ರದ ಇಳಿತವಾದರೆ ಗಿರಾಕಿ ಮತ್ತೆ ಬರುತ್ತಾನೆ. ಇವು ರಚನೆಯೇ ಬದಲಾದ ಕಥೆಗಳು. ಪೆಟ್ರೋಲ್ ಎಂಜಿನ್ನಿನ ಬಿಡಿಭಾಗ ಮಾತ್ರ ಮಾಡುವವರು ಇವೆರಡರ ವ್ಯತ್ಯಾಸವನ್ನು ಸ್ವಲ್ಪ ಗಂಭೀರವಾಗಿಯೇ ಯೋಚಿಸಬೇಕು.

ಇಷ್ಟು ವರ್ಷಕ್ಕೊಮ್ಮೆ ಬರುತ್ತೆ ಅಂತ ಏನಾದ್ರೂ ಇದೆಯಾ?

1923ರಲ್ಲಿ ಜೋಸೆಫ್ ಕಿಚಿನ್ ಸುಮಾರು 40 ತಿಂಗಳ ಚಕ್ರ ಕಂಡೆ ಎಂದರು, ಅದನ್ನು ಸ್ಟಾಕಿನ ಚಕ್ರ ಎನ್ನುವುದುಂಟು. ಅದಕ್ಕೂ ಹಿಂದೆ ಕ್ಲೆಮೆಂಟ್ ಜುಗ್ಲಾರ್ ಏಳರಿಂದ ಹನ್ನೊಂದು ವರ್ಷದ್ದನ್ನು ಹೇಳಿದ್ದರು. ಪಂಚಾಂಗದಂತೆ ನಂಬಬೇಡಿ. ಅಮೆರಿಕದಲ್ಲಿ 2009ರ ಜೂನ್‌ನಿಂದ 2020ರ ಫೆಬ್ರುವರಿವರೆಗೆ 128 ತಿಂಗಳು ಏರಿಕೆ ನಡೆಯಿತು, ಅದರ ಹಿಂದೆ ಬಂದ ಕೋವಿಡ್ ಇಳಿತ ಎರಡೇ ತಿಂಗಳಿಗೆ ಮುಗಿಯಿತು. ನಮ್ಮಲ್ಲಿ 1991ಕ್ಕೆ ಮುಂಚಿನ ದೊಡ್ಡ ಕುಸಿತಗಳು, 1965-66, 1972-73, 1979-80, ಎಲ್ಲ ಬರಗಾಲದವು. ಅವುಗಳಲ್ಲಿ ಸ್ಟಾಕಿನ ಲೆಕ್ಕಕ್ಕಿಂತ ಮಳೆಯ ಲೆಕ್ಕ ದೊಡ್ಡದು.

ಮುಂಚೆಯೇ ಸುಳಿವು ಹಿಡಿಯೋದಕ್ಕೆ ನಾವೇನು ನೋಡಬೇಕು?

ಜಿಡಿಪಿ ಅಂಕಿ ಕಾಯಬೇಡಿ, ತ್ರೈಮಾಸಿಕ ಮುಗಿದು ಎರಡು ತಿಂಗಳಿಗೆ ಬರುತ್ತದೆ. ಗಾಡಿಗಳಿಗೆ ಎರಡು ಅಂಕಿಗಳಿವೆ. ತಯಾರಕರ ಸಂಘ ಸಿಯಾಮ್ ಪ್ರತಿ ತಿಂಗಳು ಕೊಡುವುದು ಕಾರ್ಖಾನೆಯಿಂದ ಡೀಲರ್‌ಗೆ ಹೋದ ಗಾಡಿಗಳದ್ದು. ಫಾಡಾ ಕೊಡುವುದು ಸಾರಿಗೆ ಇಲಾಖೆಗಳ ವಾಹನ್ ತಂತ್ರಾಂಶದಲ್ಲಿ ನೋಂದಣಿಯಾದದ್ದು, ಅಂದರೆ ನಿಜವಾಗಿ ಗಿರಾಕಿಗೆ ಹೋದದ್ದು. ಎರಡರ ವ್ಯಾಪ್ತಿ ಪೂರ್ತಿ ಒಂದೇ ಅಲ್ಲ, ಆದ್ದರಿಂದ ಒಂದು ತಿಂಗಳ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ಮೂರ್ನಾಲ್ಕು ತಿಂಗಳು ಸತತವಾಗಿ ಡೀಲರ್‌ಗೆ ಹೋಗುವುದು ಏರುತ್ತಿದ್ದು ನೋಂದಣಿ ಏರದಿದ್ದರೆ, ಗಾಡಿಗಳು ಗೋದಾಮಿನಲ್ಲಿ ಕೂರುತ್ತಿವೆ ಎಂದರ್ಥ. ಹಬ್ಬಕ್ಕೆ ಮುಂಚೆ ಇದು ಸಹಜ, ಹಬ್ಬ ಮುಗಿದ ಮೇಲೂ ಹಾಗೇ ಇದ್ದರೆ ಶೆಡ್ಯೂಲ್ ಇಳಿಯುವುದು ಖಚಿತ.

ಶೆಡ್ಯೂಲು ಒಂದೇ ತಿಂಗಳಲ್ಲಿ ಶೇ 40 ಏರಿದೆ. ಲೋನ್ ಕೊಡ್ತೀವಿ ಅಂತ ಬ್ಯಾಂಕಿನವರೂ ಬರ್ತಿದ್ದಾರೆ. ಹೊಸ ಪ್ರೆಸ್ ಹಾಕಲಾ?

ಆ ಶೇ 40 ಮೇಲೆ ಹೇಳಿದ ಶೇ 38ರ ಥರದ್ದೇ ಇರಬಹುದು, ನೋಡಿ. ಕಳೆದ ತಿಂಗಳುಗಳಲ್ಲಿ ಶೆಡ್ಯೂಲ್ ತೀರಾ ಬಿದ್ದಿದ್ದು ಈಗ ಏರಿದ್ದರೆ, ಡೀಲರ್‌ಗಳು ಸ್ಟಾಕ್ ಕರಗಿಸುವುದನ್ನು ನಿಲ್ಲಿಸಿದ್ದಾರೆ ಎಂದಷ್ಟೇ ಅರ್ಥವಾಗಬಹುದು. ಶೆಡ್ಯೂಲನ್ನು ಕಳೆದ ತಿಂಗಳ ಜೊತೆ ಹೋಲಿಸುವ ಬದಲು ಎರಡು ವರ್ಷದ ಹಿಂದಿನ ಇದೇ ತಿಂಗಳ ಜೊತೆ ಹೋಲಿಸಿ. ಕಂಪನಿಯ ಖರೀದಿ ವಿಭಾಗದವರನ್ನು ಕೇಳುವ ಮೊದಲು ಎರಡು ಶೋರೂಮಿಗೆ ಹೋಗಿ, ಆ ಮಾಡೆಲ್ ಎಷ್ಟು ದಿನದ ಸ್ಟಾಕ್ ಇದೆ ಎಂದು ವಿಚಾರಿಸಿ. ಅಲ್ಲಿಯವರೆಗೆ ಓಟಿ ಮಾಡಿಸಿ, ಹೆಚ್ಚಾದ ಕೆಲಸವನ್ನು ಪಕ್ಕದ ಯೂನಿಟ್‌ಗೆ ಜಾಬ್ ವರ್ಕ್ ಕೊಡಿ. ತುಂಡಿಗೆ ಸಿಗುವ ಲಾಭ ಕಡಿಮೆಯಾಗುತ್ತದೆ, ನಿಜ, ಆದರೆ ಐದು ವರ್ಷದ ಕಂತು ತಲೆ ಮೇಲೆ ಬರುವುದಿಲ್ಲ. ನೋಂದಣಿಯ ಅಂಕಿಯೂ ಒಂದು ಹಬ್ಬದ ಕಾಲ ದಾಟಿ ಏರುತ್ತಲೇ ಇದ್ದರೆ ಆಗ ಕೊಟೇಶನ್ ತರಿಸಿ. ಸೆಕೆಂಡ್ ಹ್ಯಾಂಡ್ ಪ್ರೆಸ್ ಅಗ್ಗಕ್ಕೆ ಸಿಗುವುದು ಎಲ್ಲರ ಶೆಡ್ಯೂಲ್ ಬಿದ್ದಾಗ. ಕೈಯಲ್ಲಿ ದುಡ್ಡಿದ್ದರೆ ಅದನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದೂ ಒಂದು ದಾರಿ.